ಗಲ್ಫ್‌ನಿಂದ ಊರಿಗೆ ಬಂದವರ ಬಯೋಡೇಟಾ: ಅಲ್ಲಿನ ಕಂಪನಿ, ಹುದ್ದೆ ಇಲ್ಲಿನವರಿಗೆ ತಿಳಿಯುವಂತೆ ಬರೆಯುವುದು ಹೇಗೆ?

ತಾವರಗೇರಾ: ಸೌದಿ, ದುಬೈ, ಕತಾರ್‌ಗಳಲ್ಲಿ ಏಳೆಂಟು ವರ್ಷ ವೆಲ್ಡಿಂಗ್, ಫಿಟ್ಟಿಂಗ್ ಕೆಲಸ ಮಾಡಿ ಊರಿಗೆ ಮರಳಿದವರು ಹತ್ತಿರದಲ್ಲೇ ಕೆಲಸ ನೋಡುವುದಾದರೆ ಮೊದಲು ಕಣ್ಣಿಗೆ ಬೀಳುವುದು ಗಿಣಿಗೇರಾದ ಹೊಸಪೇಟೆ ಸ್ಟೀಲ್ಸ್, ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್, ಸ್ವಲ್ಪ ದೂರ ಅಂದರೆ ತೋರಣಗಲ್ಲಿನ ಜಿಂದಾಲ್. ಇಲ್ಲಿ ನೇರ ನೇಮಕಾತಿ ಇರುತ್ತದೆ, ಗುತ್ತಿಗೆದಾರರ ಮೂಲಕವೂ ಕೆಲಸ ಸಿಗುತ್ತದೆ. ಎರಡೂ ಕಡೆ ಮೊದಲು ಕೇಳುವುದು ಬಯೋಡೇಟಾ. ಕೆಲಸ ಬಲ್ಲವರ ಅರ್ಜಿಯೂ ಅಲ್ಲೇ ಹಿಂದೆ ಬೀಳುವುದುಂಟು. ಅಲ್ಲಿ ಬರೆದ ಕಂಪನಿ ಹೆಸರು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಹುದ್ದೆ ಏನೆಂಬುದು ತಿಳಿಯುವುದಿಲ್ಲ. ಅರ್ಜಿ ನೋಡುವವರಿಗೆ ವಿಚಾರಿಸುತ್ತಾ ಕೂರಲು ಪುರುಸೊತ್ತೂ ಇರುವುದಿಲ್ಲ.

ಒಂದು ಕೆಲಸಕ್ಕೆ ಮೂರು ಹೆಸರು

ಗಲ್ಫ್‌ನಲ್ಲಿ ದುಡಿದವರಿಗೆ ಸಾಮಾನ್ಯವಾಗಿ ಮೂರು ಕಂಪನಿಗಳ ಸಂಬಂಧ ಇರುತ್ತದೆ. ವೀಸಾ ಕೊಟ್ಟು ಸಂಬಳ ಹಾಕಿದ್ದು ಒಂದು ಮ್ಯಾನ್‌ಪವರ್ ಸಪ್ಲೈ ಕಂಪನಿ. ಸೈಟಿನಲ್ಲಿ ಕೆಲಸ ಹಚ್ಚಿದ್ದು ಇನ್ನೊಂದು ಗುತ್ತಿಗೆ ಕಂಪನಿ. ಆ ಪ್ಲಾಂಟಿನ ಮಾಲೀಕರು ಮತ್ತೊಬ್ಬರು, ಅರಾಮ್ಕೊ ಅಥವಾ ಸಾಬಿಕ್‌ನಂಥ ದೊಡ್ಡವರು.

ಬಯೋಡೇಟಾದಲ್ಲಿ ಎರಡು ತರಹದ ತಪ್ಪು ಆಗುತ್ತದೆ. ಕೆಲವರು ಸಪ್ಲೈ ಕಂಪನಿಯ ಹೆಸರನ್ನಷ್ಟೇ ಬರೆಯುತ್ತಾರೆ. 'ಅಲ್' ಎಂದು ಶುರುವಾಗುವ ಆ ಹೆಸರು ಓದಿದರೆ ಅದು ಹೋಟೆಲ್ಲೋ, ಕಟ್ಟಡದ ಕಂಪನಿಯೋ, ರಿಫೈನರಿಯೋ ಗೊತ್ತಾಗುವುದಿಲ್ಲ. ಇನ್ನು ಕೆಲವರು ನೇರವಾಗಿ 'ಅರಾಮ್ಕೊದಲ್ಲಿ 8 ವರ್ಷ' ಎಂದು ಬರೆದುಬಿಡುತ್ತಾರೆ. ಇದು ಇನ್ನೂ ಅಪಾಯ. ಪಾಸ್‌ಪೋರ್ಟಿನ ವೀಸಾ, ಇಕಾಮಾ, ಸಂಬಳದ ಚೀಟಿಯಲ್ಲಿ ಬೇರೆ ಹೆಸರು ಕಂಡ ಕೂಡಲೇ ಉಳಿದದ್ದೆಲ್ಲ ಸುಳ್ಳು ಅನ್ನಿಸುತ್ತದೆ.

ಸರಿಯಾದ ದಾರಿ ಎಂದರೆ ಮೂರನ್ನೂ ಅವುಗಳ ಜಾಗದಲ್ಲಿ ಬರೆಯುವುದು. ಸಂಬಳ ಕೊಟ್ಟ ಕಂಪನಿಯನ್ನು 'ಉದ್ಯೋಗದಾತ' ಎಂದೂ, ಕೆಲಸದ ಜಾಗವನ್ನು 'ಸೈಟ್' ಎಂದೂ, ಪ್ಲಾಂಟಿನ ಮಾಲೀಕರನ್ನು 'ಕ್ಲೈಂಟ್' ಎಂದೂ ಬರೆಯಬೇಕು. ಉದ್ಯೋಗದಾತನ ಹೆಸರಿನ ಮುಂದೆ ಅದು ಏನು ಮಾಡುವ ಕಂಪನಿ ಎಂದು ನಾಲ್ಕು ಪದ ಸಾಕು: 'ಪ್ಲಾಂಟ್ ಶಟ್‌ಡೌನ್ ಕೆಲಸಕ್ಕೆ ಕಾರ್ಮಿಕರನ್ನು ಒದಗಿಸುವ ಕಂಪನಿ, ಜುಬೈಲ್'.

ಅರ್ಜಿ ಹಾಕುವ ಕಾರ್ಖಾನೆ ನೋಡಿ ಯಾವ ಸೈಟ್ ಮೇಲೆ ಬರಬೇಕೆಂದು ತೀರ್ಮಾನಿಸಬೇಕು. ಜುಬೈಲ್‌ನಲ್ಲಿ ಹದೀದ್ ಎಂಬ ಉಕ್ಕಿನ ಕಾರ್ಖಾನೆ ಇದೆ, ಅದು ಸಾಬಿಕ್ ಕಟ್ಟಿ ಬೆಳೆಸಿದ ಕಂಪನಿ. 'ಹದೀದ್' ಎಂದಷ್ಟೇ ಬರೆದರೆ ಗಿಣಿಗೇರಾದಲ್ಲಿ ಯಾರಿಗೆ ತಿಳಿದೀತು? 'ಹದೀದ್, ಸೌದಿಯ ದೊಡ್ಡ ಉಕ್ಕು ಕಾರ್ಖಾನೆ' ಎಂದರೆ ಓದುವವರು ಅಲ್ಲೇ ನಿಲ್ಲುತ್ತಾರೆ. ಅಲ್ಲಿ ಆರು ತಿಂಗಳು, ರಿಫೈನರಿಯಲ್ಲಿ ನಾಲ್ಕು ವರ್ಷ ಮಾಡಿದ್ದರೂ ಉಕ್ಕು ಕಾರ್ಖಾನೆಗೆ ಕೊಡುವ ಬಯೋಡೇಟಾದಲ್ಲಿ ಆ ಆರು ತಿಂಗಳು ಎದ್ದು ಕಾಣಬೇಕು. ಆದರೆ ಅವಧಿಯನ್ನು ಹಿಗ್ಗಿಸಬಾರದು.

ಇಕಾಮಾದಲ್ಲಿ 'ಆಮಿಲ್', ಕೈಯಲ್ಲಿ ವೆಲ್ಡಿಂಗ್

ಎರಡನೇ ಗಂಟು ಹುದ್ದೆಯದು. ವೀಸಾ ಯಾವುದು ಸಿಕ್ಕಿತೋ ಅದರಲ್ಲಿ ಹೋದವರು ಬಹಳ. ಇಕಾಮಾದಲ್ಲಿ 'ಆಮಿಲ್', ಅಂದರೆ ಬರೀ ಕೂಲಿ ಕೆಲಸಗಾರ ಎಂದಿರುತ್ತದೆ, ಮಾಡಿದ್ದು ಮಾತ್ರ ಪೈಪ್ ವೆಲ್ಡಿಂಗ್. ಇದನ್ನು ಮುಚ್ಚಿಡಲು ಹೋದರೆ ಸಂದರ್ಶನದಲ್ಲಿ ಸಿಕ್ಕಿಬೀಳಬೇಕಾಗುತ್ತದೆ. ಬಯೋಡೇಟಾದಲ್ಲೇ 'ವೀಸಾ ಹುದ್ದೆ: ಕಾರ್ಮಿಕ, ಮಾಡಿದ ಕೆಲಸ: ಪೈಪ್ ವೆಲ್ಡರ್' ಎಂದು ಎರಡನ್ನೂ ಬರೆದು, ಎರಡನೆಯದಕ್ಕೆ ಪುರಾವೆ ಇಡುವುದು ಮೇಲು. ಅರಾಮ್ಕೊ ಸೈಟುಗಳಲ್ಲಿ ಪರೀಕ್ಷೆ ಪಾಸಾದ ವೆಲ್ಡರ್‌ಗೆ ಕೊಡುವ ಜೆಸಿಸಿ ಕಾರ್ಡ್, ಗೇಟ್ ಪಾಸ್, ಸೇಫ್ಟಿ ತರಬೇತಿ ಕಾರ್ಡ್ ಇವೆಲ್ಲ ಪುರಾವೆಯೇ. ಅವಧಿ ಮುಗಿದ ಕಾರ್ಡ್ ಎಂದು ಎಸೆಯಬಾರದು. ಅದು ಈಗ ಲೈಸೆನ್ಸ್ ಅಲ್ಲದಿದ್ದರೂ ಆ ದಿನ ಅಲ್ಲಿ ಆ ಕೆಲಸದಲ್ಲಿ ಇದ್ದಿದ್ದಕ್ಕೆ ಸಾಕ್ಷಿ.

ಅಲ್ಲಿನ ಮಾತುಗಳನ್ನೂ ಬಿಡಿಸಿ ಬರೆಯಬೇಕಾಗುತ್ತದೆ. 'ಪರ್ಮಿಟ್ ರಿಸೀವರ್' ಎಂಬ ಕಾರ್ಡ್ ಇದ್ದವರು ಬಹಳ ಜನ ಅದನ್ನು ಬಯೋಡೇಟಾದಲ್ಲಿ ಬರೆಯುವುದೇ ಇಲ್ಲ. ಪ್ಲಾಂಟಿನವರಿಂದ ಕೆಲಸದ ಪರವಾನಗಿ ಸಹಿ ಮಾಡಿಸಿಕೊಂಡು, ತಂಡ ಸುರಕ್ಷಿತವಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆ ಅದು. ಇಲ್ಲಿನ ದೊಡ್ಡ ಕಾರ್ಖಾನೆಗಳಲ್ಲೂ ವರ್ಕ್ ಪರ್ಮಿಟ್ ಇಲ್ಲದೆ ಬಿಸಿ ಕೆಲಸ, ಎತ್ತರದ ಕೆಲಸ ಶುರುವಾಗುವುದಿಲ್ಲ. ಹೀಗಾಗಿ 'ವರ್ಕ್ ಪರ್ಮಿಟ್ ತೆಗೆದುಕೊಂಡು 8 ಜನರ ತಂಡ ನಡೆಸಿದ್ದೇನೆ' ಎಂದರೆ ಸೂಪರ್‌ವೈಸರ್ ಕೆಲಸಕ್ಕೇ ದಾರಿಯಾಗಬಹುದು.

ಒಂದು ಮಾದರಿ

ತಾವರಗೇರಾ ಹೋಬಳಿಯ ಒಬ್ಬ ವೆಲ್ಡರ್ 2016ರಿಂದ 2024ರವರೆಗೆ ಜುಬೈಲ್‌ನಲ್ಲಿ ಇದ್ದ ಎಂದಿಟ್ಟುಕೊಳ್ಳಿ. ಆನ್‌ಲೈನ್ ಸೆಂಟರ್‌ನಲ್ಲಿ ಹೇಳಿ ಟೈಪ್ ಮಾಡಿಸಿದ ಮೊದಲ ಬಯೋಡೇಟಾದಲ್ಲಿ ಇದ್ದದ್ದು ಇಷ್ಟೇ:

'ಗಲ್ಫ್ ರಿಟರ್ನ್. 8 ವರ್ಷ ಅನುಭವ. ಸೌದಿ ಕಂಪನಿ. ಎಲ್ಲಾ ತರಹದ ವೆಲ್ಡಿಂಗ್ ಬರುತ್ತದೆ.'

ತಿದ್ದಿ ಬರೆದಾಗ ಹೀಗಾಗುತ್ತದೆ:

- ಕೆಲಸ: ಪೈಪ್ ವೆಲ್ಡರ್, ಟಿಗ್ (ಆರ್ಗಾನ್) ಮತ್ತು ಆರ್ಕ್, 6ಜಿ ಪೊಸಿಷನ್. ವೀಸಾ ಹುದ್ದೆ: ಕಾರ್ಮಿಕ.
- ಉದ್ಯೋಗದಾತ: (ಕಂಪನಿ ಹೆಸರು), ಪ್ಲಾಂಟ್ ಕೆಲಸಕ್ಕೆ ಕಾರ್ಮಿಕರನ್ನು ಒದಗಿಸುವ ಕಂಪನಿ, ಜುಬೈಲ್, ಸೌದಿ ಅರೇಬಿಯಾ.
- ಅವಧಿ: ಮಾರ್ಚ್ 2016 – ಜೂನ್ 2024. ನಡುವೆ ರಜೆಗೆ ಊರಿಗೆ ಬಂದದ್ದು 3 ಸಲ, ಪ್ರತಿ ಸಲ 2 ತಿಂಗಳು.
- ಸೈಟ್‌ಗಳು: ಉಕ್ಕು ಕಾರ್ಖಾನೆ ಶಟ್‌ಡೌನ್, 6 ತಿಂಗಳು, ರಿಫೈನರಿ ಮೇಂಟೆನೆನ್ಸ್, 4 ವರ್ಷ, ಉಳಿದದ್ದು ಹೊಸ ಪೈಪ್‌ಲೈನ್ ಕೆಲಸ.
- ಹೊಣೆ: ಕೊನೆಯ 2 ವರ್ಷ ಪರ್ಮಿಟ್ ರಿಸೀವರ್, 8 ಜನರ ತಂಡ.
- ದಾಖಲೆ: ಸರ್ವಿಸ್ ಸರ್ಟಿಫಿಕೇಟ್, ವೆಲ್ಡರ್ ಕಾರ್ಡ್, ಇಕಾಮಾ ಪ್ರತಿ, ಪಾಸ್‌ಪೋರ್ಟ್.

ಎರಡರಲ್ಲೂ ಅನುಭವ ಅಷ್ಟೇ. ಆದರೆ ಎರಡನೆಯದನ್ನು ಓದಿದ ಮೆಕ್ಯಾನಿಕಲ್ ವಿಭಾಗದವರಿಗೆ ಈ ಮನುಷ್ಯನನ್ನು ಯಾವ ಕೆಲಸಕ್ಕೆ ಹಚ್ಚಬಹುದು ಎಂದು ಗೊತ್ತಾಗುತ್ತದೆ. 'ಎಲ್ಲಾ ತರಹದ ವೆಲ್ಡಿಂಗ್' ಎಂದರೆ ಏನೂ ಗೊತ್ತಾಗುವುದಿಲ್ಲ. 6ಜಿ ಎಂದರೆ 45 ಡಿಗ್ರಿ ಓರೆಯಾಗಿ ಕಟ್ಟಿದ ಪೈಪನ್ನು ತಿರುಗಿಸದೆ ಸುತ್ತಲೂ ವೆಲ್ಡ್ ಮಾಡುವುದು, ಅದು ಬಲ್ಲವರಿಗೆ ಉಳಿದ ಪೊಸಿಷನ್‌ಗಳನ್ನು ಕೇಳಬೇಕಿಲ್ಲ.

ಕಾರ್ಡ್ ಇದ್ದರೂ ಟೆಸ್ಟ್ ಇದ್ದೇ ಇರುತ್ತದೆ

'ಅರಾಮ್ಕೊ ಕಾರ್ಡ್ ಐತಿ, ಮತ್ಯಾಕ ಟೆಸ್ಟ್ ಕೊಡಬೇಕ್ರಿ?' ಎಂದು ಸಿಟ್ಟಾಗುವವರಿದ್ದಾರೆ. ಇದು ಅವಮಾನ ಅಲ್ಲ, ನಿಯಮ. ಪೈಪ್, ಬಾಯ್ಲರ್ ವೆಲ್ಡಿಂಗ್‌ಗೆ ಹೆಚ್ಚಾಗಿ ಬಳಸುವ ಎಎಸ್‌ಎಂಇ ಸೆಕ್ಷನ್ 9 ಸಂಹಿತೆಯ ಪ್ರಕಾರ ವೆಲ್ಡರನ್ನು ಪರೀಕ್ಷಿಸುವ ಹೊಣೆ ಕೆಲಸ ಕೊಡುವ ಸಂಸ್ಥೆಯದು. ಮೇಲಾಗಿ ಒಂದು ವಿಧಾನದಲ್ಲಿ 6 ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಆ ವಿಧಾನದ ಅರ್ಹತೆ ಮುಗಿದ ಹಾಗೆ. ಊರಿಗೆ ಬಂದು ಮನೆ ಕಟ್ಟಿಸುತ್ತಾ, ಮದುವೆ ಮುಗಿಸುತ್ತಾ ಎಂಟು ತಿಂಗಳು ಕಳೆದವರ ಕೈ ಟೆಸ್ಟ್ ಪೀಸ್‌ನಲ್ಲಿ ತಪ್ಪುವುದು ಇದೇ ಕಾರಣಕ್ಕೆ. ಸಂದರ್ಶನಕ್ಕೆ ಹೋಗುವ ಮೊದಲು ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ದಿನ ಪೈಪ್ ತುಂಡಿನ ಮೇಲೆ ಕೈ ಪಳಗಿಸಿಕೊಂಡರೆ ಸಾಕು.

ಕಂಪನಿಯೇ ಮುಚ್ಚಿದ್ದರೆ?

ಕೆಲವೊಮ್ಮೆ ಫೋನ್ ಮಾಡಿ ವಿಚಾರಿಸಲು ಕಂಪನಿಯೇ ಇರುವುದಿಲ್ಲ. ಸಾವಿರಾರು ವಿದೇಶಿ ಕಾರ್ಮಿಕರಿದ್ದ ಸೌದಿ ಓಜರ್ 2017ರಲ್ಲಿ ಬಾಗಿಲು ಹಾಕಿತು. ದುಬೈನ ಅರಬ್‌ಟೆಕ್ ಅನ್ನು ಮುಚ್ಚಲು ಅದರ ಷೇರುದಾರರು 2020ರಲ್ಲಿ ತೀರ್ಮಾನಿಸಿದರು. ಇಂಥ ಕಡೆ ದುಡಿದವರು ಹೆಸರಿನ ಮುಂದೆಯೇ 'ಕಂಪನಿ 2017ರಲ್ಲಿ ಮುಚ್ಚಿದೆ' ಎಂದು ಬರೆಯುವುದು ಒಳ್ಳೆಯದು. ಇಲ್ಲದಿದ್ದರೆ ಪರಿಶೀಲನೆ ಮಾಡುವವರು ಹುಡುಕಿ, ಸಿಗದೆ, ಅರ್ಜಿ ಬದಿಗಿಡುತ್ತಾರೆ. ಕಂಪನಿ ಪತ್ರದ ಬದಲು ಪಾಸ್‌ಪೋರ್ಟಿನ ವೀಸಾ ಮತ್ತು ಬಂದು–ಹೋದ ಮುದ್ರೆಗಳು, ಇಕಾಮಾ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗುವಾಗ ಇ–ಮೈಗ್ರೇಟ್ ಮೂಲಕ ಆದ ಕರಾರಿನ ಪ್ರತಿ, ಇವನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಅದೇ ಸಾಕ್ಷಿ. ಇವು ಯಾವುವೂ ಇಲ್ಲದೆ ಝೆರಾಕ್ಸ್ ಅಂಗಡಿಯಲ್ಲಿ ಹೊಸ ಲೆಟರ್‌ಹೆಡ್ ಮಾಡಿಸಿಕೊಂಡರೆ ಅದು ನಕಲಿ ದಾಖಲೆ. ಮಾಡಿಸಿಕೊಂಡವರ ಜೊತೆ ಮಾಡಿಕೊಟ್ಟ ಅಂಗಡಿಯವರಿಗೂ ಕೇಸ್ ಸುತ್ತಿಕೊಳ್ಳುತ್ತದೆ.

ಸಂಬಳ ಮತ್ತು ಪಿಎಫ್ ಪ್ರಶ್ನೆ

'ಅಲ್ಲೆಷ್ಟು ಬರ್ತಿತ್ತು?' ಎಂದು ಕೇಳಿದಾಗ ಊರಿಗೆ ಕಳಿಸುತ್ತಿದ್ದ ಒಟ್ಟು ಮೊತ್ತ ಹೇಳಿದರೆ 'ಇವರು ಇಲ್ಲಿ ನಿಲ್ಲೋದಿಲ್ಲ' ಎಂದು ಅವರು ಅಲ್ಲೇ ತೀರ್ಮಾನಿಸುತ್ತಾರೆ. ಆ ಮೊತ್ತದಲ್ಲಿ ಮೂಲ ಸಂಬಳ ಎಷ್ಟು, ಓವರ್‌ಟೈಮ್ ಎಷ್ಟು, ಕಂಪನಿ ಕೊಟ್ಟ ರೂಮು–ಊಟದಿಂದ ಉಳಿದದ್ದೆಷ್ಟು ಎಂದು ಬಿಡಿಸಿ ಹೇಳಬೇಕು. ಇಲ್ಲಿ ಮನೆಯಿಂದಲೇ ಹೋಗಿ ಬರುವ ಲೆಕ್ಕ ಬೇರೆ ಎಂಬುದನ್ನೂ ಹೇಳಬೇಕು.

ಗಲ್ಫ್‌ನಲ್ಲಿದ್ದ ವರ್ಷಗಳಿಗೆ ಇಲ್ಲಿ ಪಿಎಫ್ ಜಮೆ ಇರುವುದಿಲ್ಲ. ಕೆಲಸದ ಇತಿಹಾಸವನ್ನು ಯುಎಎನ್ ನೋಡಿ ತಾಳೆ ಹಾಕುವ ಕಂಪನಿಗೆ ಅದು ಖಾಲಿ ವರ್ಷಗಳ ಹಾಗೆ ಕಾಣುತ್ತದೆ. ಹೋಗುವ ಮೊದಲೇ ಯುಎಎನ್ ಇದ್ದರೆ ಅದನ್ನೇ ಕೊಡಬೇಕು, ಇನ್ನೊಂದು ಮಾಡಿಸಬಾರದು. ಖಾಲಿ ಕಾಣುವ ವರ್ಷಗಳಿಗೆ ಮೇಲಿನ ದಾಖಲೆಗಳೇ ಉತ್ತರ.

ಇನ್ನೂ ಅಲ್ಲೇ ಇರುವವರಿಗೆ

ಈ ತೊಂದರೆಯಲ್ಲಿ ಅರ್ಧದಷ್ಟನ್ನು ಹೊರಡುವ ಮೊದಲೇ ತಪ್ಪಿಸಬಹುದು. ಸೌದಿ ಕಾರ್ಮಿಕ ಕಾನೂನಿನ 64ನೇ ವಿಧಿಯಂತೆ ಕೆಲಸ ಮುಗಿದಾಗ ಕಾರ್ಮಿಕ ಕೇಳಿದರೆ ಸರ್ವಿಸ್ ಸರ್ಟಿಫಿಕೇಟನ್ನು ಪುಕ್ಕಟೆಯಾಗಿ ಕೊಡಬೇಕು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಯ ಸಂಬಳ ಅದರಲ್ಲಿ ಇರಬೇಕು. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲೂ ಅನುಭವ ಪತ್ರಕ್ಕೆ ಶುಲ್ಕ ಕೇಳುವಂತಿಲ್ಲ. ಪತ್ರ ಬರೀ ಅರಬ್ಬಿಯಲ್ಲಿದ್ದರೆ ಇಂಗ್ಲಿಷಿನಲ್ಲೂ ಕೊಡಲು ಅಲ್ಲಿದ್ದಾಗಲೇ ಕೇಳಬೇಕು. ಸೌದಿಯ Qiwa ತಾಣದಲ್ಲಿರುವ ತಮ್ಮ ಕರಾರನ್ನು ಎಕ್ಸಿಟ್ ಹೊಡೆಸುವ ಮೊದಲೇ ಇಳಿಸಿಕೊಳ್ಳಬೇಕು. ಅಲ್ಲಿನ ಸಿಮ್ ನಿಂತ ಮೇಲೆ ಒಟಿಪಿ ಬರುವುದಿಲ್ಲ. ಇಕಾಮಾ ಮತ್ತು ಗೇಟ್ ಪಾಸನ್ನು ಕಂಪನಿ ವಾಪಸ್ ಪಡೆಯುವುದರಿಂದ, ಅವುಗಳ ಎರಡೂ ಬದಿಯ ಫೋಟೊ ತೆಗೆದು ಮನೆಯವರ ಮೊಬೈಲ್‌ಗೂ ಕಳಿಸಿಡಬೇಕು.