ಫೈಲ್ ಲಾಕ್ ಸಂದೇಶ

ಫೈಲ್ ಲಾಕ್ ಸಂದೇಶವೆಂದರೆ ವರ್ಡ್, ಲಿಬ್ರೆಆಫೀಸ್ ಮುಂತಾದ ಬರಹದ ತಂತ್ರಾಂಶಗಳಲ್ಲಿ ಒಂದು ಫೈಲನ್ನು ಈಗಾಗಲೇ ಬೇರೊಬ್ಬರು ತೆರೆದಿದ್ದಾರೆ, ಆದ್ದರಿಂದ ಅದನ್ನು ತಿದ್ದಲು ಅಥವಾ ಅದೇ ಹೆಸರಿನಲ್ಲಿ ಸೇವ್ ಮಾಡಲು ಆಗುವುದಿಲ್ಲ ಎಂದು ಪರದೆಯ ಮೇಲೆ ಬರುವ ತಡೆ. ವರ್ಡ್‌ನಲ್ಲಿ ಅದು ಸಾಮಾನ್ಯವಾಗಿ ಹೀಗೆ ಕಾಣುತ್ತದೆ:

```
nadavali-june.docx is locked for editing by 'another user'.
```

ಒಂದೇ ಫೋಲ್ಡರನ್ನು ಎರಡು ಮೂರು ಕಂಪ್ಯೂಟರುಗಳು ಹಂಚಿಕೊಂಡಿರುವ ಕಡೆಯಲ್ಲೆಲ್ಲ ಇದು ಎದುರಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮುರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಅಂಥ ಜಾಗವೆಂದರೆ ಕಚೇರಿಗಳ ಅಕ್ಕಪಕ್ಕದ ಡಿಟಿಪಿ ಅಂಗಡಿ. ಅರ್ಜಿ, ಕರಾರುಪತ್ರ, ಸಭೆಯ ನಡಾವಳಿ, ಸಂಘದ ವಾರ್ಷಿಕ ವರದಿ, ಲಗ್ನಪತ್ರಿಕೆ ಎಲ್ಲವೂ ಅಲ್ಲೇ ಟೈಪಾಗುತ್ತವೆ. ಒಬ್ಬರು ಅರ್ಧ ಟೈಪ್ ಮಾಡಿದ್ದನ್ನು ಮತ್ತೊಬ್ಬರು ಮುಂದುವರಿಸುವುದು ಅಲ್ಲಿನ ದಿನನಿತ್ಯದ ಕ್ರಮ. ಹಾಗಾಗಿ ಈ ಲೇಖನ ದೊಡ್ಡ ಕಚೇರಿಗಳ ಸರ್ವರನ್ನು ಬಿಟ್ಟು, ಎರಡು ಕಂಪ್ಯೂಟರಿನ ಇಂಥ ಅಂಗಡಿಯನ್ನೇ ಮುಂದಿಟ್ಟುಕೊಂಡಿದೆ.

ಲಾಕ್ ಏಕೆ ಬೇಕು ಎಂಬುದು ಅದಿಲ್ಲದಿದ್ದರೆ ಏನಾಗುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಇಬ್ಬರು ಒಂದೇ ನಡಾವಳಿಯನ್ನು ತೆರೆದರು ಎನ್ನೋಣ. ಒಬ್ಬರು ಎರಡನೇ ಪುಟದಲ್ಲಿ ಹಾಜರಿ ತಿದ್ದಿ ಸೇವ್ ಮಾಡಿದರು. ಇನ್ನೊಬ್ಬರ ಪರದೆಯಲ್ಲಿ ಇನ್ನೂ ಹಳೆಯ ಹಾಜರಿಯೇ ಇದೆ. ಅವರು ಐದನೇ ಪುಟದಲ್ಲಿ ಒಂದು ನಿರ್ಣಯ ಸೇರಿಸಿ ಸೇವ್ ಒತ್ತಿದಾಗ ಮೊದಲನೆಯವರ ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಬರಹದ ತಂತ್ರಾಂಶ ಸೇವ್ ಮಾಡುವಾಗ ಬದಲಾದ ಸಾಲನ್ನಷ್ಟೇ ಬರೆಯುವುದಿಲ್ಲ, ಇಡೀ ಫೈಲನ್ನು ಹೊಸದಾಗಿ ಬರೆಯುತ್ತದೆ. ಕೊನೆಯಲ್ಲಿ ಸೇವ್ ಮಾಡಿದವರದೇ ಉಳಿಯುತ್ತದೆ. ಈ ನಷ್ಟ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ, ಸಹಿ ಹಾಕುವ ಹೊತ್ತಿಗೆ ಯಾರಾದರೂ ಓದಿದರೆ ಮಾತ್ರ ಗೊತ್ತಾಗುತ್ತದೆ. ಈ ಅನಾಹುತವನ್ನು ತಡೆಯಲೆಂದೇ ಲಾಕ್ ಇದೆ.

ಲಾಕ್‌ನಲ್ಲಿ ಎರಡು ಪದರಗಳಿವೆ. ಮೊದಲನೆಯದು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಳ್ಳುವ ಹಿಡಿತ. ವರ್ಡ್ ಒಂದು ಫೈಲನ್ನು ತೆರೆಯುವಾಗ ‘ನಾನಿರುವವರೆಗೆ ಇದರಲ್ಲಿ ಬೇರೆಯವರು ಬರೆಯಬಾರದು’ ಎಂದು ವಿಂಡೋಸಿಗೆ ಹೇಳಿರುತ್ತದೆ. ಈ ಹಿಡಿತ ಕಣ್ಣಿಗೆ ಕಾಣದು, ವರ್ಡ್ ಮುಚ್ಚಿದೊಡನೆ ತಾನೇ ಬಿಟ್ಟುಹೋಗುತ್ತದೆ. ಎರಡನೆಯದು ಕಣ್ಣಿಗೆ ಕಾಣುವ ಒಂದು ಪುಟ್ಟ ಫೈಲ್. ಯಾರು ತೆರೆದಿದ್ದಾರೆ ಎಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿದ ಹಾಗೆ, ವರ್ಡ್ ಅದೇ ಫೋಲ್ಡರಿನಲ್ಲಿ `~$` ಎಂದು ಶುರುವಾಗುವ 162 ಬೈಟಿನ ಅಡಗಿದ ಫೈಲೊಂದನ್ನು ಇಡುತ್ತದೆ. ಹೆಸರು ಉದ್ದವಾಗಿದ್ದರೆ ಮೂಲ ಹೆಸರಿನ ಮೊದಲ ಎರಡು ಅಕ್ಷರ ಹೋಗಿ ಆ ಜಾಗಕ್ಕೆ ಈ ಗುರುತು ಬರುತ್ತದೆ:

```
nadavali-june.docx
~$davali-june.docx
```

ಯುನಿಕೋಡ್‌ನಲ್ಲಿ ಕನ್ನಡದಲ್ಲೇ ಹೆಸರು ಕೊಟ್ಟವರಿಗೆ ಇಲ್ಲಿ ಒಂದು ಗೊಂದಲ ಕಾದಿರುತ್ತದೆ. ಕಂಪ್ಯೂಟರು ಎಣಿಸುವುದು ನಾವು ಬಾಯಲ್ಲಿ ಉಚ್ಚರಿಸುವ ಅಕ್ಷರವನ್ನಲ್ಲ, ಯುನಿಕೋಡ್ ಸಂಕೇತವನ್ನು. ‘ನಡಾವಳಿ-ಜೂನ್’ ಎಂಬ ಹೆಸರಿನಲ್ಲಿ ಮೊದಲೆರಡು ಸಂಕೇತಗಳು ನ ಮತ್ತು ಡ. ಡಕಾರದ ದೀರ್ಘ ಬೇರೆಯೇ ಸಂಕೇತ. ಮೊದಲ ಎರಡು ಹೋದಾಗ ಆ ದೀರ್ಘ ಆಸರೆಯಿಲ್ಲದೆ ಉಳಿದು, ಚುಕ್ಕೆಗಳ ವೃತ್ತದ ಪಕ್ಕದಲ್ಲಿ ಜೋತಾಡುತ್ತದೆ. ಇದನ್ನು ಕಂಡು ಫೈಲ್ ಕೆಟ್ಟಿದೆ ಎಂದೋ ವೈರಸ್ ಬಂದಿದೆ ಎಂದೋ ಗಾಬರಿಯಾಗಬೇಕಿಲ್ಲ. ಇನ್ನು ನುಡಿಯ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡುವವರಿಗೆ ಕನ್ನಡದ ಫೈಲ್ ಹೆಸರು ಅರ್ಥವಾಗದ ಚಿಹ್ನೆಗಳಾಗಿ ಕಾಣುವುದರಿಂದ ಅವರು ಇಂಗ್ಲಿಷ್ ಅಕ್ಷರಗಳಲ್ಲೇ ಹೆಸರಿಡುತ್ತಾರೆ, ಈ ಗೊಂದಲ ಅವರಿಗಿಲ್ಲ. ಒಳಗಿನ ಬರಹ ನುಡಿಯದೋ ಯುನಿಕೋಡಿನದೋ ಎಂಬುದಕ್ಕೂ ಲಾಕ್‌ಗೂ ಸಂಬಂಧವಿಲ್ಲ.

ಲಿಬ್ರೆಆಫೀಸ್‌ನ ಚೀಟಿ ಇನ್ನೂ ಸ್ಪಷ್ಟ. ಅದರ ಹೆಸರು `.~lock.nadavali-june.odt#` ಎಂಬಂತಿರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದೇ ಸಾಲಿನಲ್ಲಿ ಬಳಕೆದಾರರ ಹೆಸರು, ಕಂಪ್ಯೂಟರಿನ ಹೆಸರು, ತೆರೆದ ದಿನ ಮತ್ತು ಹೊತ್ತು ಅಲ್ಪವಿರಾಮಗಳ ನಡುವೆ ಸಿಗುತ್ತವೆ. ಯಾವ ಕಂಪ್ಯೂಟರು, ಎಷ್ಟು ಗಂಟೆಗೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ವರ್ಡ್‌ನ ಚೀಟಿಯಲ್ಲಿ ಬರುವ ಹೆಸರು ವರ್ಡ್‌ನ ಆಯ್ಕೆಗಳಲ್ಲಿ `User name` ಎಂಬ ಕಡೆ ತುಂಬಿರುವುದು. ಕಂಪ್ಯೂಟರು ಜೋಡಿಸಿಕೊಟ್ಟವರು ಎಲ್ಲ ಯಂತ್ರಕ್ಕೂ `admin` ಎಂದೇ ಹಾಕಿಕೊಟ್ಟಿದ್ದರೆ, ಯಾರು ತೆರೆದರೂ ಸಂದೇಶ `admin` ಎಂದೇ ಹೇಳುತ್ತದೆ. ‘ನಾನೇ ತೆರೆದಿದ್ದೇನೆ ಅಂತಿದೆಯಲ್ಲ, ಆದರೆ ನಾನು ತೆರೆದೇ ಇಲ್ಲ’ ಎಂಬ ಗೊಂದಲಕ್ಕೆ ಇದೇ ಕಾರಣ. ಪ್ರತಿ ಯಂತ್ರಕ್ಕೂ ಬೇರೆ ಹೆಸರು ಹಾಕುವುದು ಎರಡು ನಿಮಿಷದ ಕೆಲಸ. ಈ ಲೇಖನದಲ್ಲಿ ಹೇಳುವ ಉಪಾಯಗಳಲ್ಲೆಲ್ಲ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದರೆ ತಪ್ಪಾಗದು.

ಸಾಮಾನ್ಯವಾಗಿ ಈ ತಡೆ ಫೈಲ್ ತೆರೆಯುವಾಗಲೇ ಬರುತ್ತದೆ. ಆಗ ಓದಲು ಮಾತ್ರ ತೆರೆಯಬಹುದು, ಪ್ರತಿಯೊಂದನ್ನು ಮಾಡಿಕೊಳ್ಳಬಹುದು, ಇಲ್ಲವೇ ಕಾಯಬಹುದು. ಓದದೆಯೇ ಓಕೆ ಒತ್ತಿ, ಓದಲು ಮಾತ್ರ ತೆರೆದ ಫೈಲಿನಲ್ಲಿ ಗಂಟೆಗಟ್ಟಲೆ ಟೈಪ್ ಮಾಡಿದವರಿಗೆ ಕೊನೆಯಲ್ಲಿ ಸೇವ್ ಆಗುವುದಿಲ್ಲ. ಅವರಿಗೆ ಹೊಸ ಹೆಸರು ಕೊಟ್ಟು ಉಳಿಸಿಕೊಳ್ಳುವ ದಾರಿ ಇದ್ದೇ ಇದೆ. ನಿಜವಾಗಿ ತಲೆಕೆಡಿಸುವುದು ಇನ್ನೊಂದು ಬಗೆಯದು: ತೆರೆಯುವಾಗ ಯಾವ ತಕರಾರೂ ಇರಲಿಲ್ಲ, ಬೆಳಗಿನಿಂದ ನಾಲ್ಕು ಸಲ ಸೇವ್ ಆಗಿದೆ, ಐದನೇ ಸಲ ಬೇರೆಯವರು ಲಾಕ್ ಮಾಡಿದ್ದಾರೆ ಎನ್ನುತ್ತದೆ.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ಒಂದು ಮಾದರಿ ಪ್ರಸಂಗ ನೋಡಬಹುದು. ಅಂಗಡಿಯಲ್ಲಿ ಎರಡು ಕಂಪ್ಯೂಟರು. ಫೈಲುಗಳಿರುವುದು ಒಂದನೆಯದರ ಹಂಚಿದ ಫೋಲ್ಡರಿನಲ್ಲಿ. ನಡುವೆ ತಂತಿಗಳು ಬಂದು ಸೇರುವ ಒಂದು ಚಿಕ್ಕ ಸ್ವಿಚ್ ಪೆಟ್ಟಿಗೆ. ಎರಡು ಕಂಪ್ಯೂಟರಿಗೂ ಯುಪಿಎಸ್ ಇದೆ, ಸ್ವಿಚ್ ಪೆಟ್ಟಿಗೆಯನ್ನು ಮಾತ್ರ ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದ್ದಾರೆ. ಎರಡನೇ ಯಂತ್ರದಲ್ಲಿ ಕುಳಿತವರು ನಡಾವಳಿ ಟೈಪ್ ಮಾಡುತ್ತಿರುವಾಗ ಕರೆಂಟು ಹೋಗುತ್ತದೆ. ಪರದೆ ಆರುವುದಿಲ್ಲ, ಅವರು ಟೈಪ್ ಮಾಡುತ್ತಲೇ ಇರುತ್ತಾರೆ. ಆದರೆ ಪೆಟ್ಟಿಗೆ ಆರಿದ್ದರಿಂದ ಎರಡು ಯಂತ್ರಗಳ ನಂಟು ಕಡಿದಿದೆ. ಆ ಕಡೆಯ ಯಂತ್ರ ಕಾಣದಾದ ಮೇಲೆ ಒಂದನೇ ಯಂತ್ರ ಅದರ ಹಿಡಿತವನ್ನು ಸ್ವಲ್ಪ ಹೊತ್ತು ಕಾಯ್ದುಕೊಂಡರೂ ಕೊನೆಗೆ ಬಿಟ್ಟುಬಿಡುತ್ತದೆ. ಅದೇ ಹೊತ್ತಿಗೆ ಗಿರಾಕಿಯೊಬ್ಬರು ಬಂದು ನಡಾವಳಿಯ ಪ್ರಿಂಟ್ ಕೇಳಿದರೆ ಒಂದನೇ ಯಂತ್ರದಲ್ಲಿ ಆ ಫೈಲ್ ತಡೆಯಿಲ್ಲದೆ ತೆರೆದುಕೊಳ್ಳಬಹುದು. ಈಗ ಹಿಡಿತ ಒಂದನೇ ಯಂತ್ರದವರದು. ಕರೆಂಟು ಬಂದ ಮೇಲೆ ಎರಡನೇ ಯಂತ್ರದವರು ಸೇವ್ ಒತ್ತಿದಾಗ ತಮ್ಮದೇ ಫೈಲ್ ಬೇರೆಯವರ ಕೈಯಲ್ಲಿದೆ ಎಂಬ ಉತ್ತರ ಬರುತ್ತದೆ. ಸಂದೇಶದ ಮಾತುಗಳು ತಂತ್ರಾಂಶದ ಆವೃತ್ತಿಯ ಮೇಲೆ ಬದಲಾಗಬಹುದು, ಅನುಮತಿ ಇಲ್ಲ ಎಂದೂ ಹೇಳಬಹುದು. ಒಳಗಿನ ಕಾರಣ ಒಂದೇ.

ಇಲ್ಲಿ ಮೊದಲ ಕೆಲಸ, ಎರಡನೇ ಯಂತ್ರದ ವರ್ಡ್ ಕಿಟಕಿಯನ್ನು ಮುಚ್ಚದೇ ಇರುವುದು. ಕರೆಂಟು ಹೋದ ಮೇಲೆ ಟೈಪ್ ಮಾಡಿದ್ದೆಲ್ಲ ಇರುವುದು ಆ ಕಿಟಕಿಯಲ್ಲಿ ಮಾತ್ರ. ಎಫ್12 ಒತ್ತಿ, ಹಂಚಿದ ಫೋಲ್ಡರನ್ನು ಬಿಟ್ಟು ಅದೇ ಯಂತ್ರದ ಡೆಸ್ಕ್‌ಟಾಪಿನಲ್ಲಿ, `nadavali-june-2.docx` ಎಂಬಂಥ ಬೇರೆ ಹೆಸರಿನಲ್ಲಿ ಉಳಿಸಬೇಕು. ಆಮೇಲೆ ಒಂದನೇ ಯಂತ್ರದವರನ್ನು ಕೇಳಬೇಕು: ಪ್ರಿಂಟ್ ಮಾತ್ರ ತೆಗೆದಿರೋ, ಏನಾದರೂ ತಿದ್ದಿದಿರೋ? ಪ್ರಿಂಟ್ ಮಾತ್ರವಾದರೆ ಅವರು ಸೇವ್ ಮಾಡದೆ ಮುಚ್ಚಲಿ, ಎರಡನೇ ಯಂತ್ರದವರ ಪ್ರತಿಯೇ ಮುಂದಿನ ಮೂಲ. ತಿದ್ದಿದ್ದರೆ ಎರಡನ್ನೂ ಇಟ್ಟುಕೊಂಡು ವರ್ಡ್‌ನ `Review` ಪಟ್ಟಿಯಲ್ಲಿರುವ `Compare` ಬಳಸಬೇಕು. ಎರಡು ಪ್ರತಿಗಳ ವ್ಯತ್ಯಾಸವನ್ನು ಅದು ಬಣ್ಣದಲ್ಲಿ ತೋರಿಸುತ್ತದೆ, ಒಂದೊಂದನ್ನೇ ಒಪ್ಪುತ್ತಲೋ ಬಿಡುತ್ತಲೋ ಸಾಗಬಹುದು. ಕಣ್ಣಂದಾಜಿನಲ್ಲಿ ಹೋಲಿಸಿ ನಕಲು ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಹಾಜರಿಯ ಒಂದು ಹೆಸರು, ಮೊತ್ತದ ಒಂದು ಅಂಕೆ ಕಣ್ಣಿಗೆ ಸುಲಭವಾಗಿ ತಪ್ಪುತ್ತದೆ. ಇದು ಮತ್ತೆ ಆಗದಿರಲು ಸ್ವಿಚ್ ಪೆಟ್ಟಿಗೆಯ ಅಡಾಪ್ಟರನ್ನೂ ಯುಪಿಎಸ್‌ಗೆ ಸಿಕ್ಕಿಸಿದರೆ ಸಾಕು, ಅದು ಎಳೆಯುವ ವಿದ್ಯುತ್ತು ತೀರಾ ಕಡಿಮೆ.

ಈ ಪ್ರಸಂಗದಲ್ಲಿ ಲಾಕ್ ಜೀವಂತವಾಗಿತ್ತು, ಅದರ ಹಿಂದೆ ಒಬ್ಬರು ಇದ್ದರು. ಹಿಂದೆ ಯಾರೂ ಇಲ್ಲದ ಲಾಕ್ ಇನ್ನೊಂದು ಬಗೆ. ವರ್ಡ್ ನಡುವೆ ನಿಂತುಹೋಗಿ ಯಂತ್ರವನ್ನೇ ಆರಿಸಿದಾಗ, ಯುಪಿಎಸ್ ಬ್ಯಾಟರಿ ಸೋತು ಎಲ್ಲವೂ ಒಮ್ಮೆಗೇ ಆರಿದಾಗ ಚೀಟಿ ಮಾತ್ರ ಫೋಲ್ಡರಿನಲ್ಲಿ ಉಳಿಯುತ್ತದೆ. ಕೆಲವೊಮ್ಮೆ ಕಿಟಕಿ ಮುಚ್ಚಿದ್ದರೂ ಟಾಸ್ಕ್ ಮ್ಯಾನೇಜರಿನಲ್ಲಿ `WINWORD.EXE` ಇನ್ನೂ ಓಡುತ್ತಿರುತ್ತದೆ. ಫೋಲ್ಡರ್ ನೋಡುವಾಗ ಬಲಬದಿಯಲ್ಲಿ ಪುಟದ ಮುನ್ನೋಟ ತೋರಿಸುವ ಕಿಟಕಿ ಕೂಡ ಫೈಲನ್ನು ಹಿಡಿದಿರಬಲ್ಲದು.

ಜೀವವಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಲು ವರ್ಡ್‌ನಲ್ಲಿ ಸರಳ ಪರೀಕ್ಷೆಯಿದೆ. ಅಡಗಿದ ಫೈಲುಗಳನ್ನು ತೋರಿಸುವಂತೆ ಮಾಡಿ ಆ `~$` ಫೈಲನ್ನು ಅಳಿಸಲು ನೋಡಿ. ಎಲ್ಲಾದರೂ ವರ್ಡ್ ಅದನ್ನು ಹಿಡಿದಿದ್ದರೆ ವಿಂಡೋಸ್ ಅಳಿಸಲು ಬಿಡುವುದಿಲ್ಲ. ಹಾಗಾದಾಗ ಹುಡುಕಬೇಕಾದ್ದು ಮನುಷ್ಯರನ್ನು, ಇಲ್ಲವೇ ಇನ್ನೂ ಓಡುತ್ತಿರುವ `WINWORD.EXE` ಅನ್ನು. ತಕರಾರಿಲ್ಲದೆ ಅಳಿಸಿಹೋದರೆ ಅದು ಹಳೆಯ ಚೀಟಿ, ಮೂಲ ಫೈಲ್ ಇನ್ನು ತೆರೆಯುತ್ತದೆ. ಅಳಿಸಬೇಕಾದ್ದು `~$` ಇರುವುದನ್ನು ಮಾತ್ರ ಎಂಬುದನ್ನು ಎರಡು ಸಲ ನೋಡಿಕೊಳ್ಳಬೇಕು, ಏಕೆಂದರೆ ಪಕ್ಕದಲ್ಲೇ ಹೆಚ್ಚುಕಡಿಮೆ ಅದೇ ಹೆಸರಿನ ನಿಜವಾದ ನಡಾವಳಿ ಇರುತ್ತದೆ. ಲಿಬ್ರೆಆಫೀಸ್‌ನ ಚೀಟಿಗೆ ಈ ಪರೀಕ್ಷೆಯನ್ನು ನೆಚ್ಚಬಾರದು, ಅಲ್ಲಿ ಒಳಗಿರುವ ಕಂಪ್ಯೂಟರಿನ ಹೆಸರು ಮತ್ತು ಹೊತ್ತು ಓದಿ, ಆ ಯಂತ್ರದ ಬಳಿ ಹೋಗಿ ನೋಡುವುದೇ ಸರಿ.

ಫೋಲ್ಡರ್ ಇರುವ ಯಂತ್ರದಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಕಿಟಕಿ ತೆರೆದು ನೆಟ್‌ವರ್ಕಿನಿಂದ ಯಾರು ಯಾವ ಫೈಲ್ ಹಿಡಿದಿದ್ದಾರೆಂದು ನೋಡಲೂಬಹುದು:

```
net file
net file 12 /close
```

ಮೊದಲ ಸಾಲು ಪಟ್ಟಿಯನ್ನು ಕೊಡುತ್ತದೆ. ಎರಡನೆಯದು ಪಟ್ಟಿಯಲ್ಲಿ 12 ಎಂಬ ಸಂಖ್ಯೆಯಿರುವ ಹಿಡಿತವನ್ನು ಬಲವಂತವಾಗಿ ಬಿಡಿಸುತ್ತದೆ. ಆ ಕಡೆ ಯಾರಾದರೂ ಟೈಪ್ ಮಾಡುತ್ತಿದ್ದರೆ ಸೇವ್ ಆಗದ ಅವರ ಕೆಲಸ ಅಪಾಯಕ್ಕೆ ಬೀಳುತ್ತದೆ. ಒಂದೇ ಕೋಣೆಯ ಅಂಗಡಿಯಲ್ಲಿ ಇದನ್ನು ಬಳಸುವ ಅಗತ್ಯವೇ ಇಲ್ಲ, ಕೂಗಿದರೆ ಕೇಳಿಸುತ್ತದೆ.

ಲಾಕ್‌ನ ಕಾವಲು ಆ ಒಂದು ಫೋಲ್ಡರಿಗೆ ಮಾತ್ರ. ಮೊಳಕಾಲ್ಮುರಿನ ರೇಷ್ಮೆ ನೇಕಾರರ ಸಂಘವೊಂದರ ವರದಿಯನ್ನು ಅಲ್ಲಿ ಅರ್ಧ ಟೈಪ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲೋ ಪೆನ್‌ಡ್ರೈವಿನಲ್ಲೋ ಚಳ್ಳಕೆರೆಯ ಮುದ್ರಣಾಲಯಕ್ಕೆ ಕಳಿಸಿದರು ಎನ್ನೋಣ. ಆ ಗಳಿಗೆಯಿಂದ ಅವು ಎರಡು ಬೇರೆ ಫೈಲುಗಳು, ಹೆಸರು ಒಂದೇ ಆದರೂ. ಎರಡೂ ಕಡೆ ಒಮ್ಮೆಗೇ ತಿದ್ದಿದರೆ ಯಾವ ಸಂದೇಶವೂ ಬರುವುದಿಲ್ಲ. ಗೂಗಲ್ ಡಾಕ್ಸ್‌ನಂಥ ಕಡೆ ಬದಲಾವಣೆಗಳು ಆಗಿಂದಾಗಲೇ ಒಂದೇ ಪ್ರತಿಗೆ ಸೇರುವುದರಿಂದ ಎರಡೂರಿನವರು ಒಟ್ಟಿಗೆ ಬರೆಯಬಹುದು, ಆದರೆ ನುಡಿಯ ಹಳೆಯ ಅಕ್ಷರಶೈಲಿಯ ಬರಹ ಅಲ್ಲಿ ಕನ್ನಡವಾಗಿ ಕಾಣದು, ಮೊದಲು ಯುನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಅದು ಬೇಡವೆನ್ನುವವರು ಫೈಲ್ ಕಳಿಸುವಾಗ ಹೆಸರಿನ ಕೊನೆಗೆ ದಿನಾಂಕವನ್ನೂ ಊರನ್ನೂ ಸೇರಿಸಿ, ಅದು ಮರಳಿ ಬರುವವರೆಗೆ ತಮ್ಮ ಕಡೆಯ ಪ್ರತಿಯನ್ನು ಮುಟ್ಟದೆ ಇರಬೇಕಾಗುತ್ತದೆ.