ಸಹಕಾರ ಸಂಘದ ಮಹಾಸಭಾ ನಡವಳಿ: ತಿದ್ದಿ ಬರೆಯುವ ಪದ್ಧತಿ

ಸಹಕಾರ ಸಂಘದ ಮಹಾಸಭೆಯಲ್ಲಿ ಬರೆದುಕೊಂಡ ಕಚ್ಚಾ ಟಿಪ್ಪಣಿಯನ್ನು ಠರಾವು, ಮತಗಳ ಲೆಕ್ಕ, ಕೆಲಸದ ಹೊಣೆ ಸ್ಪಷ್ಟವಾಗುವಂತೆ ತಿದ್ದಿ ನಡವಳಿ ಪುಸ್ತಕಕ್ಕೆ ಏರಿಸುವ ಪದ್ಧತಿ. ಕರ್ನಾಟಕದಲ್ಲಿ ಇದರ ಹಿನ್ನೆಲೆ ಸಹಕಾರ ಕಾನೂನಿನಷ್ಟೇ ಹಳೆಯದು.

1904ರ ಸಹಕಾರ ಕಾಯ್ದೆಯ ಅಡಿಯಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನ ತನ್ನದೇ ಸಹಕಾರ ಕಾನೂನು ತಂದಿತು. ಊರಿನವರೆಲ್ಲ ಪರಸ್ಪರ ಬಲ್ಲ ಕಣಗಿನಹಾಳದಂಥ ಪುಟ್ಟ ಸಂಘದಲ್ಲಿ ಯಾರು ಏನೆಂದರು ಎಂಬುದು ಎಲ್ಲರ ನೆನಪಿನಲ್ಲೇ ಇರುತ್ತದೆ. ಸದಸ್ಯರು ನೂರಾರು, ಸಾವಿರಾರು ಆದಾಗ ನೆನಪು ಸಾಲದು. ಏಕೀಕರಣದ ನಂತರ ಮೈಸೂರು, ಮುಂಬಯಿ ಮುಂತಾದ ಪ್ರಾಂತಗಳ ಬೇರೆಬೇರೆ ಕಾನೂನುಗಳ ಜಾಗಕ್ಕೆ 1959ರ ಕಾಯ್ದೆ ಬಂತು. ಅದರ 70ನೆಯ ಪ್ರಕರಣದಂತೆ ಸಂಘದ ವ್ಯಾಜ್ಯಗಳು ನಿಬಂಧಕರ ಮುಂದೆ ಹೋಗುತ್ತವೆ. ಸಭೆಯಲ್ಲಿ ಇಲ್ಲದಿದ್ದ ಅಧಿಕಾರಿ ಅಲ್ಲಿ ಏನಾಯಿತೆಂದು ತಿಳಿಯಲು ಮೊದಲು ತೆರೆಯುವುದು ನಡವಳಿ ಪುಸ್ತಕವನ್ನೇ. ಭಾಷೆ ಬಿಗಿಯಾಗಬೇಕಾದದ್ದು ಈ ಕಾರಣಕ್ಕೆ.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಕಚ್ಚಾ ಟಿಪ್ಪಣಿ ಹೀಗಿದೆ: ‘ಗೋದಾಮು ದುರಸ್ತಿಯ ಅಗತ್ಯವನ್ನು ಮಾನ್ಯ ಅಧ್ಯಕ್ಷರು ಮನಮುಟ್ಟುವಂತೆ ವಿವರಿಸಿದರು. ಕೆಲವರು ವಿನಾಕಾರಣ ಗಲಾಟೆ ಮಾಡಿದರು. ಭಾರಿ ಬಹುಮತದಿಂದ ಒಪ್ಪಿ, ಶೀಘ್ರ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ತಿದ್ದಿದ ಬರಹ: ‘ವಿಷಯ 6: ಗೋದಾಮು ದುರಸ್ತಿ. ವೆಚ್ಚ 4 ಲಕ್ಷ ರೂಪಾಯಿ ಮೀರದಂತೆ ದುರಸ್ತಿ ಮಾಡಿಸಲು ಠರಾವು ಮಂಡಿಸಲಾಯಿತು. ಅಂದಾಜುಪಟ್ಟಿ ಸಭೆಯ ಮುಂದಿಲ್ಲವೆಂದು ಮೂವರು ಸದಸ್ಯರು ಆಕ್ಷೇಪಿಸಿದರು. ಕೈ ಎತ್ತುವ ಮೂಲಕ ಮತ ಎಣಿಸಲಾಯಿತು: ಪರ 84, ವಿರುದ್ಧ 31, ತಟಸ್ಥ 7. ಠರಾವು ಅಂಗೀಕಾರವಾಯಿತು. ಮುಖ್ಯ ಕಾರ್ಯನಿರ್ವಾಹಕರು ಡಿಸೆಂಬರ್ 31ರೊಳಗೆ ದರಪಟ್ಟಿ ತರಿಸಿ ಆಡಳಿತ ಮಂಡಳಿಯ ಮುಂದಿಡತಕ್ಕದ್ದು.’ ಇದರೊಂದಿಗೆ ಸೂಚಕರ ಮತ್ತು ಅನುಮೋದಕರ ಹೆಸರುಗಳೂ ಇರಬೇಕು.

ಇಲ್ಲಿ ಹೊಗಳಿಕೆ, ಬೈಗುಳ ಎರಡೂ ಹೋಗಿವೆ. ಆಕ್ಷೇಪಣೆ ಮಾತ್ರ ಉಳಿದಿದೆ. ಗಲಾಟೆಯೆಂದು ಬರೆದಿದ್ದರ ಒಳಗೆ ನ್ಯಾಯವಾದ ಪ್ರಶ್ನೆಯೊಂದಿತ್ತು, ಅದನ್ನು ಅಳಿಸಿದರೆ ಆ ಸದಸ್ಯರಿಗೆ ಅನ್ಯಾಯ. ‘ಶೀಘ್ರ ಕ್ರಮ’ ಎಂಬುದಕ್ಕೆ ಹೊಣೆಗಾರರೂ ಇಲ್ಲ, ಗಡುವೂ ಇಲ್ಲ. ಮುಂದಿನ ಮಹಾಸಭೆಯಲ್ಲಿ ಅನುಪಾಲನಾ ವರದಿ ಕೇಳಿದಾಗ ಉತ್ತರಿಸುವವರು ಯಾರೂ ಸಿಗುವುದಿಲ್ಲ.

ಆದರೆ ತಿದ್ದಿದ ಬರಹದ ಅಂಕಿಗಳೂ ಗಡುವೂ ಸಭೆಯ ದಿನವೇ ಟಿಪ್ಪಣಿಯಲ್ಲಿ ದಾಖಲಾಗಿರಬೇಕು. ಕೈಗಳನ್ನು ಎಣಿಸದೇ ಇದ್ದರೆ ‘ಬಹುಮತದಿಂದ ಅಂಗೀಕರಿಸಲಾಯಿತೆಂದು ಅಧ್ಯಕ್ಷರು ಘೋಷಿಸಿದರು’ ಎಂದಷ್ಟೇ ಬರೆಯಬಹುದು; ಆಮೇಲೆ ಅಂದಾಜಿನ ಅಂಕಿ ಸೇರಿಸುವುದು ತಿದ್ದುಪಡಿಯಲ್ಲ, ಸುಳ್ಳು ದಾಖಲೆ. ಒಬ್ಬರು ವಿರೋಧಿಸಿದ್ದರೂ ‘ಸರ್ವಾನುಮತ’ ಎನ್ನುವ ರೂಢಿಯೂ ಅಂಥದ್ದೇ. ಅಧ್ಯಕ್ಷರ ಸಹಿ ಬಿದ್ದ ನಂತರ ಪುಟದ ಮೇಲೆ ಗೀಚುವಂತಿಲ್ಲ. ತಪ್ಪು ಕಂಡರೆ ಮುಂದಿನ ಸಭೆಯಲ್ಲಿ, ಹಿಂದಿನ ನಡವಳಿಯನ್ನು ಓದಿ ದೃಢೀಕರಿಸುವ ವಿಷಯದಡಿ, ತಿದ್ದುಪಡಿಯನ್ನು ಪ್ರತ್ಯೇಕವಾಗಿ ದಾಖಲಿಸಬೇಕು.