ಮಂಪರು ತರುವ ಮಾತ್ರೆ: ಮ್ಯಾನೇಜರ್‌ಗೆ ಬರೆಯುವ ಪತ್ರದಲ್ಲಿ ಕಾಯಿಲೆಯ ಹೆಸರು ಬೇಕೇ?

ಬೇಡ ಎನ್ನುತ್ತೇವೆ ನಾವು. ಯಾವ ಕೆಲಸ ಸದ್ಯಕ್ಕೆ ಅಪಾಯ, ಎಲ್ಲಿಯವರೆಗೆ ಎಂಬುದನ್ನು ತಿಳಿಸಿದರೆ ಸಾಕು.

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಒಬ್ಬರಿಗೆ ನರನೋವಿಗೆಂದು ರಾತ್ರಿ 10 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್ ಶುರುವಾಗಿದೆ ಎಂದುಕೊಳ್ಳಿ. ಇದರ ಮಂಪರು ಮರುದಿನ ಬೆಳಗ್ಗೆಯೂ ಉಳಿಯಬಹುದು. ಹಲವರಲ್ಲಿ ಒಂದೆರಡು ವಾರಗಳಲ್ಲಿ ತಗ್ಗುತ್ತದೆ. ಕಾಫಿ ಕುಡಿದರೆ ಎಚ್ಚರವಾದಂತೆ ಅನಿಸಬಹುದು, ಆದರೆ ಅದನ್ನು ನಂಬಿ ಗಾಡಿ ಏರುವಂತಿಲ್ಲ. ಅವರ ಪತ್ರ ಹೀಗಿರಬಹುದು:

"ಮಾನ್ಯರೇ, ವೈದ್ಯರ ಸಲಹೆಯಂತೆ ಜೂನ್ 3ರಿಂದ ಹೊಸ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಬೆಳಗಿನ ಹೊತ್ತು ಮಂಪರು ಇರುತ್ತದೆ. ಆದ್ದರಿಂದ ಜೂನ್ 17ರವರೆಗೆ ಫೋರ್ಕ್‌ಲಿಫ್ಟ್ ಓಡಿಸುವ ಮತ್ತು ಏಣಿ ಹತ್ತುವ ಕೆಲಸದಿಂದ ಬಿಡುವು ಕೊಡಬೇಕಾಗಿ ವಿನಂತಿ. ಸ್ಟಾಕ್ ಎಣಿಕೆ, ಲೇಬಲ್ ಅಂಟಿಸುವ ಕೆಲಸ ಮಾಡಬಲ್ಲೆ. ಬೆಳಗಿನ ಶಿಫ್ಟ್ ಬದಲು ಮಧ್ಯಾಹ್ನದ್ದು ಸಿಕ್ಕರೆ ಅನುಕೂಲ. ಜೂನ್ 16ರಂದು ವೈದ್ಯರನ್ನು ಕಂಡು, ಮುಂದಿನದನ್ನು ತಿಳಿಸುತ್ತೇನೆ. ಅವರ ಪತ್ರ ಲಗತ್ತಿಸಿದ್ದೇನೆ."

ಲಗತ್ತಿಸುವಾಗಲೇ ಹಲವರು ಎಡವುವುದು. ಔಷಧಿ ಚೀಟಿಯ ಫೋಟೋ ಕಳಿಸಿದರೆ ಮಾತ್ರೆಯ ಹೆಸರು ಬಯಲಾಗುತ್ತದೆ. ಅಮಿಟ್ರಿಪ್ಟಿಲಿನ್ ಅನ್ನು ಖಿನ್ನತೆಗೂ ಕೊಡುತ್ತಾರೆ. ಯಾರೋ ಗೂಗಲ್ ಮಾಡಿ ನೋಡಿದರೆ ನರನೋವಿನವರಿಗೆ ಖಿನ್ನತೆಯ ಹಣೆಪಟ್ಟಿ ಬೀಳುತ್ತದೆ (ಖಿನ್ನತೆಯೇ ಇದ್ದರೂ ಅದು ಆಫೀಸಿನ ಸುದ್ದಿಯಾಗಬೇಕಿಲ್ಲ). ಅದಕ್ಕೇ, "ಇಂಥ ಕೆಲಸ ಇಷ್ಟು ದಿನ ಬೇಡ" ಎಂದಷ್ಟೇ ಇರುವ ಪ್ರತ್ಯೇಕ ಪತ್ರವನ್ನು ವೈದ್ಯರಲ್ಲಿ ಕೇಳಿ.

ವೈದ್ಯರು ನಡುವೆ ಡೋಸ್ ಹೆಚ್ಚಿಸಿದರೆ ಮಂಪರು ಮರಳಬಹುದು. ಆಗ ಹಳೆಯ ದಿನಾಂಕ ಲೆಕ್ಕಕ್ಕಿಲ್ಲ, ಹೊಸದು ಬರೆದು ಕಳಿಸಿ. ಶಿಫ್ಟ್‌ಗೋಸ್ಕರ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.